ದೀಪ ಹತ್ತಿತ್ತು, ಫ್ಲ್ಯಾಶ್ ತುಂಬಿರಲಿಲ್ಲ

ಮೂರು ನೆಗೆಟಿವ್‌ಗಳು. ಮೂರರಲ್ಲೂ ಒಬ್ಬಳೇ ಹುಡುಗಿ ಕತ್ತಲ ಕೋಣೆಯಲ್ಲಿ ಜಿಗಿಯುತ್ತಿದ್ದಾಳೆ. ಮೊದಲನೆಯದರಲ್ಲಿ ಮುಖ, ಬಟ್ಟೆ, ಹಾರಿದ ಕೂದಲು ಎಲ್ಲವೂ ಗಟ್ಟಿಯಾಗಿ ಮೂಡಿವೆ. ಎರಡನೆಯದು ತೆಳುವಾಗಿದೆ, ಅಂದರೆ ಫಿಲ್ಮಿಗೆ ಬೆಳಕು ಸಾಲಲಿಲ್ಲ. ಮೂರನೆಯದೂ ಹಾಗೆಯೇ. ಅಪರ್ಚರ್ ಬದಲಾಗಿಲ್ಲ, ದೂರ ಬದಲಾಗಿಲ್ಲ, ಫಿಲ್ಮ್ ಒಂದೇ, ತೊಳೆದದ್ದು ಒಂದೇ ತೊಟ್ಟಿಯಲ್ಲಿ. ತೆಗೆದವಳು ನನ್ನ ಬಳಿ ಪ್ರಯೋಗಾಲಯದ ಕೆಲಸ ಕಲಿಯಲು ಬರುವ ವಿದ್ಯಾರ್ಥಿನಿ. ಫ್ಲ್ಯಾಶ್ ಅವಳ ಮನೆಯ ಕಪಾಟಿನಲ್ಲಿ ಸಿಕ್ಕ ಹಳೆಯ, ಕ್ಯಾಮೆರಾದ ತಲೆಗೆ ಸಿಕ್ಕಿಸುವ ಬಗೆಯದು. ಎರಡು ಎಎ ಸೆಲ್ ಹಾಕಿದರೆ ಸಾಕು, ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ ಯಾವುದೂ ಇಲ್ಲ. ಪ್ರತಿ ಸಲವೂ ತನ್ನಲ್ಲಿರುವುದನ್ನೆಲ್ಲ ಒಮ್ಮೆಲೇ ಸುರಿದುಬಿಡುವ ಸರಳ ಯಂತ್ರ.

"ಸರ್, ನಾನು ಆತುರ ಮಾಡಲಿಲ್ಲ. ಪ್ರತಿ ಸಲವೂ ಹಿಂದಿನ ಕಿತ್ತಳೆ ದೀಪ ಹತ್ತಿದ ಮೇಲೇ ಒತ್ತಿದ್ದು," ಅಂದಳು.

ಆ ಮಾತು ನಿಜ ಎಂದೇ ಇಟ್ಟುಕೊಂಡು ನಾವು ಹುಡುಕಲು ಹೊರಟೆವು. ದೀಪ ಹತ್ತಿದ ಮೇಲೂ ಫ್ಲ್ಯಾಶ್ ಅರ್ಧ ಬೆಳಕನ್ನಷ್ಟೇ ಕೊಡಲು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಹುಡುಕುತ್ತ ಹೋದರೆ, ಕೆಪಾಸಿಟರಿನಲ್ಲಿ ಶಕ್ತಿ ಹೇಗೆ ಕೂಡಿಡಲ್ಪಡುತ್ತದೆ ಎಂಬುದೇ ಆ ಉತ್ತರದ ಮುಕ್ಕಾಲು ಭಾಗ ಎಂದು ತಿಳಿಯಿತು. ಹಾಗಾಗಿ ಇಡೀ ಪ್ರಕರಣವನ್ನು ಬರೆದಿಡುತ್ತಿದ್ದೇನೆ.

ಮೊದಲ ಅನುಮಾನ: ಸೆಲ್

ಫ್ಲ್ಯಾಶ್ ಮಂಕಾದರೆ ಯಾರಾದರೂ ಮೊದಲು ಬೈಯುವುದು ಸೆಲ್ಲನ್ನೇ. ಹೊಸ ಆಲ್ಕಲೈನ್ ಸೆಲ್ ಹಾಕಿ ನೋಡಿದೆವು. ಹಳೆಯ ಸೆಲ್ಲಿನಲ್ಲಿ ದೀಪ ಹತ್ತಲು ಸುಮಾರು 9 ಸೆಕೆಂಡು ಹಿಡಿಯುತ್ತಿತ್ತು, ಹೊಸದರಲ್ಲಿ 4 ಸೆಕೆಂಡಿಗೇ ಹತ್ತಿತು. ಆದರೆ ಬೆಳಕು?

ಬೆಳಕನ್ನು ಹೋಲಿಸಲು ಫಿಲ್ಮ್ ತೊಳೆಯುತ್ತ ಕೂರಬೇಕಿಲ್ಲ. ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಡಿಜಿಟಲ್ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಬಿಳಿ ಗೋಡೆಯತ್ತ ತಿರುಗಿಸಿ, ಷಟರನ್ನು 2 ಸೆಕೆಂಡು ತೆರೆದಿಟ್ಟು, ಆ ಹೊತ್ತಿನಲ್ಲಿ ಫ್ಲ್ಯಾಶನ್ನು ಕೈಯಲ್ಲಿ ಹಿಡಿದು ಅದರ ಪರೀಕ್ಷಾ ಗುಂಡಿ ಒತ್ತಿದರಾಯಿತು. ಗೋಡೆಯ ಚಿತ್ರದಲ್ಲಿ ಮೂಡುವುದು ಫ್ಲ್ಯಾಶಿನ ಬೆಳಕು ಮಾತ್ರ. ಇದರಲ್ಲಿ ಇನ್ನೊಂದು ಅನುಕೂಲವಿದೆ: ಫ್ಲ್ಯಾಶನ್ನು ಕ್ಯಾಮೆರಾಕ್ಕೆ ಸಿಕ್ಕಿಸಬೇಕಾಗಿಲ್ಲ. ಹಳೆಯ ಫ್ಲ್ಯಾಶ್‌ಗಳಲ್ಲಿ ಕೆಲವು ತಮ್ಮ ಕಾಲಿನ ಸಂಪರ್ಕ ಬಿಂದುವಿನಲ್ಲೇ ನೂರಾರು ವೋಲ್ಟ್ ಇಟ್ಟುಕೊಂಡಿರುತ್ತವೆ. ಹಳೆಯ ಕ್ಯಾಮೆರಾದ ಲೋಹದ ಸ್ವಿಚ್ಚು ಅದನ್ನು ತಡೆದುಕೊಳ್ಳುತ್ತಿತ್ತು, ಡಿಜಿಟಲ್ ಕ್ಯಾಮೆರಾದೊಳಗಿನ ಸೂಕ್ಷ್ಮ ಸರ್ಕ್ಯೂಟು ತಡೆದುಕೊಳ್ಳದೆ ಸುಟ್ಟುಹೋಗಬಹುದು.

ಹೀಗೆ ನೋಡಿದಾಗ ಸಿಕ್ಕಿದ್ದು ಇಷ್ಟು. ದೀಪ ಹತ್ತಿದ ಕೂಡಲೇ ಒತ್ತಿದರೆ, ಹೊಸ ಸೆಲ್ಲಿರಲಿ ಹಳೆಯದಿರಲಿ, ಗೋಡೆ ಒಂದೇ ಪ್ರಮಾಣದಲ್ಲಿ ಮಂಕಾಗಿ ಬರುತ್ತದೆ. ದೀಪ ಹತ್ತಿದ ಮೇಲೂ ಪೂರ್ತಿ ಒಂದು ನಿಮಿಷ ಕಾದು ಒತ್ತಿದರೆ, ಎರಡೂ ಸೆಲ್ಲಿನಲ್ಲಿ ಗೋಡೆ ಬೆಳ್ಳಗೆ ಬೆಳಗುತ್ತದೆ. ಎರಡಕ್ಕೂ ನಡುವಿನ ಅಂತರ ಒಂದು ಸ್ಟಾಪಿಗಿಂತ ಕೊಂಚ ಹೆಚ್ಚು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕರ್ಧ.

ಸೆಲ್ ಬದಲಿಸಿದರೆ ಕಾಯುವ ಹೊತ್ತು ಬದಲಾಯಿತು, ಸಿಡಿದ ಬೆಳಕು ಬದಲಾಗಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ದೊಡ್ಡ ಸುಳಿವು ಇದೇ. ಬೆಳಕು ಬರುತ್ತಿರುವುದು ಸೆಲ್ಲಿನಿಂದ ನೇರವಾಗಿ ಅಲ್ಲ. ನಡುವೆ ಒಂದು ಉಗ್ರಾಣವಿದೆ, ಅದೇ ಕೆಪಾಸಿಟರ್. ಗುಂಡಿ ಒತ್ತಿದ ಕ್ಷಣದಲ್ಲಿ ಆ ಉಗ್ರಾಣ ಎಷ್ಟು ತುಂಬಿದೆ ಎಂಬುದಷ್ಟೇ ಬೆಳಕನ್ನು ನಿರ್ಧರಿಸುತ್ತದೆ, ತುಂಬಲು ಎಷ್ಟು ಹೊತ್ತಾಯಿತು ಎಂಬುದಲ್ಲ.

ಸೆಲ್ಲಿನಲ್ಲಿ ಇಲ್ಲದ್ದು ಏನು

ವಿದ್ಯಾರ್ಥಿನಿ ಇಲ್ಲೊಂದು ಒಳ್ಳೆಯ ಪ್ರಶ್ನೆ ಕೇಳಿದಳು: "ಸೆಲ್ಲಿನಲ್ಲಿ ಅಷ್ಟೊಂದು ಶಕ್ತಿ ಇದೆಯಲ್ಲ ಸರ್, ಮತ್ತೆ ಈ ಉಗ್ರಾಣ ಯಾಕೆ?"

ಇದೆ, ಬೇಕಾದಷ್ಟಿದೆ. ಎರಡು ಹೊಸ ಆಲ್ಕಲೈನ್ ಎಎ ಸೆಲ್‌ಗಳನ್ನು ನಿಧಾನವಾಗಿ ಬಳಸಿದರೆ ಒಟ್ಟು ಸುಮಾರು 20,000 ಜೂಲ್ ಸಿಗುತ್ತದೆ. ನಮ್ಮ ಫ್ಲ್ಯಾಶಿನ ಕೆಪಾಸಿಟರ್ ಪೂರ್ತಿ ತುಂಬಿದಾಗ ಅದರಲ್ಲಿರುವುದು 13.5 ಜೂಲ್ ಮಾತ್ರ. ಕಣಜದ ಮುಂದೆ ಒಂದು ಸೇರು ಎನ್ನುವಂತೆ. ಆದರೆ ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಎಷ್ಟಿದೆ ಎಂಬುದು ಶಕ್ತಿ, ಅದನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ. ಒಂದು ಸೆಕೆಂಡಿಗೆ ಎಷ್ಟರ ವೇಗದಲ್ಲಿ ಹೊರಗೆ ಬರುತ್ತದೆ ಎಂಬುದು ಸಾಮರ್ಥ್ಯ, ಅದನ್ನು ವಾಟ್‌ಗಳಲ್ಲಿ ಅಳೆಯುತ್ತೇವೆ.

ಸೆಲ್ಲಿನಿಂದ ಶಕ್ತಿ ಹೊರಬರಬೇಕಾದರೆ ಒಳಗೆ ರಾಸಾಯನಿಕ ಕ್ರಿಯೆ ನಡೆಯಬೇಕು, ಅಯಾನುಗಳು ಒದ್ದೆಯಾದ ಲೇಪದ ಮೂಲಕ ಸರಿದು ಬರಬೇಕು. ಇದಕ್ಕೆ ಹೊತ್ತು ಬೇಕು. ಈ ಅಡಚಣೆಯನ್ನೇ ನಾವು ಸೆಲ್ಲಿನ ಒಳರೋಧ ಎನ್ನುತ್ತೇವೆ. ಹೊಸ ಎಎ ಸೆಲ್ಲಿನಲ್ಲಿ ಅದು ಸುಮಾರು 0.15 ಓಮ್, ಎರಡು ಸೆಲ್ ಸಾಲಾಗಿ ಇಟ್ಟರೆ 0.3 ಓಮ್. ಒಳರೋಧವಿರುವ ಯಾವುದೇ ಮೂಲದಿಂದ ಹೊರಗೆ ಸೆಳೆಯಬಹುದಾದ ಗರಿಷ್ಠ ಸಾಮರ್ಥ್ಯಕ್ಕೆ ಒಂದು ಲೆಕ್ಕವಿದೆ: ವೋಲ್ಟೇಜಿನ ವರ್ಗವನ್ನು ಒಳರೋಧದ ನಾಲ್ಕರಷ್ಟರಿಂದ ಭಾಗಿಸಬೇಕು. 3 ವೋಲ್ಟಿನ ವರ್ಗ 9, ಅದನ್ನು 1.2ರಿಂದ ಭಾಗಿಸಿದರೆ 7.5 ವಾಟ್. ಎಷ್ಟೇ ಜಾಣತನದ ಸರ್ಕ್ಯೂಟು ಕಟ್ಟಿದರೂ ಈ ಎರಡು ಸೆಲ್ ಅದಕ್ಕಿಂತ ಹೆಚ್ಚು ಕೊಡಲಾರವು. ಅಷ್ಟು ಕೊಡುವಾಗಲೂ ಅಷ್ಟೇ ಶಕ್ತಿ ಸೆಲ್ಲಿನೊಳಗೇ ಬಿಸಿಯಾಗಿ ಪೋಲಾಗುತ್ತಿರುತ್ತದೆ.

ಫ್ಲ್ಯಾಶಿಗೆ ಬೇಕಾದದ್ದು ಎಷ್ಟು? 13.5 ಜೂಲ್, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ. ಭಾಗಿಸಿ ನೋಡಿ: 13,500 ವಾಟ್. ಸೆಲ್ಲಿನ ಮಿತಿಯ 1,800 ಪಟ್ಟು.

ಕೆಪಾಸಿಟರ್ ಇದನ್ನು ಹೇಗೆ ಕೊಡುತ್ತದೆ ಎಂದರೆ, ಅದರಲ್ಲಿ ಯಾವ ರಾಸಾಯನಿಕ ಕ್ರಿಯೆಗೂ ಕಾಯಬೇಕಿಲ್ಲ. ಎರಡು ಅಲ್ಯೂಮಿನಿಯಂ ಹಾಳೆಗಳ ಸುರುಳಿ. ಒಂದು ಹಾಳೆಯ ಮೇಲ್ಮೈಯಲ್ಲಿ ಒಂದು ಮೈಕ್ರಾನಿಗಿಂತ ತೆಳುವಾದ ಆಕ್ಸೈಡ್ ಪದರ. ಆ ಪದರದ ಒಂದು ಬದಿಯಲ್ಲಿ ಧನ ಆವೇಶ, ಇನ್ನೊಂದು ಬದಿಯಲ್ಲಿ ಋಣ ಆವೇಶ. ಶಕ್ತಿ ಕೂತಿರುವುದು ಆ ತೆಳು ಪದರದೊಳಗಿನ ವಿದ್ಯುತ್ ಕ್ಷೇತ್ರದಲ್ಲಿ. ಹೊರಗೆ ದಾರಿ ತೆರೆದ ಕ್ಷಣವೇ ಆವೇಶ ಹರಿಯುತ್ತದೆ. ಅಡ್ಡ ಬರುವುದು ಹಾಳೆಯ, ದ್ರಾವಣದ, ತಂತಿಯ ಸಣ್ಣ ರೋಧವಷ್ಟೇ. ಫ್ಲ್ಯಾಶಿಗೆಂದೇ ತಯಾರಾಗುವ ಕೆಪಾಸಿಟರಿನಲ್ಲಿ ಆ ರೋಧವನ್ನು ಬೇಕೆಂದೇ ತೀರ ಕಡಿಮೆ ಇಟ್ಟಿರುತ್ತಾರೆ.

ಇಲ್ಲಿ ಹೊಸ ಶಕ್ತಿ ಹುಟ್ಟುವುದಿಲ್ಲ. ಸೆಲ್ ಹತ್ತು ಸೆಕೆಂಡು ಒಂದೊಂದೇ ವಾಟಿನಂತೆ ಕೂಡಿಟ್ಟದ್ದನ್ನು ಕೆಪಾಸಿಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಖಾಲಿ ಮಾಡುತ್ತದೆ. ತುಂಬುವ ಹೊತ್ತು ಖಾಲಿಯಾಗುವ ಹೊತ್ತಿನ ಹತ್ತು ಸಾವಿರ ಪಟ್ಟು, ಹಾಗಾಗಿ ಹೊರಬರುವ ಸಾಮರ್ಥ್ಯವೂ ಒಳಹೋಗುವುದರ ಹತ್ತು ಸಾವಿರ ಪಟ್ಟು.

300 ವೋಲ್ಟ್ ಯಾಕೆ

ಕವಚ ಬಿಚ್ಚಿದಾಗ ಕಂಡ ಕೆಪಾಸಿಟರಿನ ಮೈಮೇಲೆ 300 ಮೈಕ್ರೋಫ್ಯಾರಡ್, 330 ವೋಲ್ಟ್ ಎಂದು ಅಚ್ಚಾಗಿತ್ತು. 330 ಎನ್ನುವುದು ಅದು ತಾಳುವ ಮೇಲ್ಮಿತಿ. ಈ ಫ್ಲ್ಯಾಶ್ ಅದನ್ನು 300ರವರೆಗೆ ತುಂಬುತ್ತದೆ. ಬಿಚ್ಚುವ ಕೆಲಸವನ್ನು ಅನುಭವವಿಲ್ಲದವರು ಮಾಡಲೇಬಾರದು ಎಂದು ಇಲ್ಲೇ ಹೇಳಿಬಿಡುತ್ತೇನೆ. ಸೆಲ್ ತೆಗೆದು ದಿನಗಳಾದ ಮೇಲೂ ಇಂಥ ಕೆಪಾಸಿಟರುಗಳಲ್ಲಿ ಮೈಗೆ ಬಲವಾಗಿ ಹೊಡೆಯುವಷ್ಟು ಆವೇಶ ಉಳಿದಿರಬಹುದು. ಕೈಯಿಂದ ಕೈಗೆ ಎದೆಯ ಮೂಲಕ ಹಾದರೆ ಅದು ಪ್ರಾಣಾಪಾಯ. ನಾವು ಮೊದಲು ಮಾಡಿದ್ದು 10 ಕಿಲೋಓಮಿನ, 10 ವಾಟ್ ತಾಳುವ ರೋಧಕವನ್ನು ಕೆಪಾಸಿಟರಿನ ಎರಡು ಕಾಲುಗಳ ನಡುವೆ ಹಿಡಿದು 15 ಸೆಕೆಂಡು ಕಾದು, ಆಮೇಲೆ ಮೀಟರಿನಲ್ಲಿ ನೋಡಿದ್ದು. ಸೊನ್ನೆಗೆ ಬಂದ ಮೇಲೂ ಒಂದೆರಡು ನಿಮಿಷದಲ್ಲಿ ಮತ್ತೆ ಕೆಲವು ವೋಲ್ಟ್ ತಾನಾಗಿ ಏರಿಕೊಳ್ಳುತ್ತದೆ, ಆಕ್ಸೈಡ್ ಪದರದೊಳಗೆ ಅಡಗಿದ್ದ ಆವೇಶ ನಿಧಾನವಾಗಿ ಹೊರಬರುವುದರಿಂದ. ಆದ್ದರಿಂದ ಎರಡನೇ ಸಲ ರೋಧಕ ಹಿಡಿದು ಮತ್ತೆ ಅಳೆಯಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸಿಡಿಸುವ ಅಭ್ಯಾಸ ಕೆಲವರಿಗಿದೆ. ನೂರಾರು ಆಂಪಿಯರ್ ಒಮ್ಮೆಲೇ ಹರಿದು ತುದಿಯ ಲೋಹ ಕರಗಿ ಕಣ್ಣಿಗೆ ಹಾರುತ್ತದೆ, ಕೆಪಾಸಿಟರಿನ ಒಳಬೆಸುಗೆಯೂ ಹಾಳಾಗುತ್ತದೆ.

ಮೂರು ವೋಲ್ಟಿನ ಸೆಲ್ ಇಟ್ಟುಕೊಂಡು ಮುನ್ನೂರು ವೋಲ್ಟಿಗೆ ಏರಿಸುವ ಕಷ್ಟ ಯಾಕೆ? 3 ವೋಲ್ಟಿನಲ್ಲೇ 13.5 ಜೂಲ್ ಕೂಡಿಡಲು 3 ಫ್ಯಾರಡ್ ಕೆಪಾಸಿಟರ್ ಬೇಕು. ಅಂಥದ್ದು ಸಿಗುತ್ತದೆ, ಅದೇನೂ ತೊಡಕಲ್ಲ. ತೊಡಕು ಹೊರಗೆ ತೆಗೆಯುವಾಗ. 13,500 ವಾಟನ್ನು 3 ವೋಲ್ಟಿನಲ್ಲಿ ಕೊಡಬೇಕಾದರೆ 4,500 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಓಮಿನ ಸಾವಿರದಲ್ಲೊಂದು ಭಾಗದಷ್ಟು ರೋಧವಿದ್ದರೂ ಅಷ್ಟು ಪ್ರವಾಹಕ್ಕೆ ಅಲ್ಲೇ 4.5 ವೋಲ್ಟ್ ಬೇಕಾಗುತ್ತದೆ. ನಮ್ಮಲ್ಲಿರುವುದೇ 3. ಅಂದರೆ ಅಷ್ಟು ಪ್ರವಾಹ ಹರಿಯುವುದೇ ಇಲ್ಲ. 300 ವೋಲ್ಟಿನಲ್ಲಾದರೆ ಕೆಪಾಸಿಟರಿನ ಒಟ್ಟು ಆವೇಶ 0.09 ಕೂಲಮ್, ಅದು ಒಂದು ಮಿಲಿಸೆಕೆಂಡಿನಲ್ಲಿ ಹರಿದರೆ ಸರಾಸರಿ 90 ಆಂಪಿಯರ್. ಆರಂಭದ ತುದಿಯಲ್ಲಿ ಅದಕ್ಕಿಂತ ಹೆಚ್ಚು. ದಪ್ಪ ತಂತಿಯ ಚಿಕ್ಕ ತುಂಡು ಆ ಒಂದು ಕ್ಷಣಕ್ಕೆ ಇದನ್ನು ಆರಾಮವಾಗಿ ಹೊರುತ್ತದೆ.

ಇನ್ನೊಂದು ಕಾರಣ ಕ್ಸೆನಾನ್ ಕೊಳವೆ. ಅದು ಬರೀ ಗಾಜಿನ ಕೊಳವೆಯಲ್ಲಿ ತುಂಬಿದ ಅನಿಲ, ಸಾಮಾನ್ಯ ಸ್ಥಿತಿಯಲ್ಲಿ ವಿದ್ಯುತ್ತನ್ನು ಬಿಡುವುದೇ ಇಲ್ಲ. 300 ವೋಲ್ಟ್ ಎರಡು ತುದಿಗೆ ಕಟ್ಟಿದ್ದರೂ ಸುಮ್ಮನಿರುತ್ತದೆ. ಅದಕ್ಕೇ ಕೆಪಾಸಿಟರನ್ನು ಕೊಳವೆಗೆ ನೇರವಾಗಿ, ನಡುವೆ ಸ್ವಿಚ್ಚೇ ಇಲ್ಲದೆ ಕಟ್ಟಿಡಬಹುದು. ಗುಂಡಿ ಒತ್ತಿದಾಗ ಒಂದು ಚಿಕ್ಕ ಟ್ರಿಗರ್ ಕಾಯಿಲ್ ಕೆಲವು ಸಾವಿರ ವೋಲ್ಟಿನ ಒಂದು ಮಿಡಿತವನ್ನು ಕೊಳವೆಯ ಹೊರಮೈಗೆ ಕೊಡುತ್ತದೆ. ಒಳಗಿನ ಅನಿಲ ಒಡೆದು ಅಯಾನುಗಳಾಗುತ್ತದೆ, ದಾರಿ ತೆರೆಯುತ್ತದೆ, ದೊಡ್ಡ ಕೆಪಾಸಿಟರ್ ಸುರಿದುಕೊಳ್ಳುತ್ತದೆ. ಅನಿಲವೇ ಸ್ವಿಚ್ಚು, ಅನಿಲವೇ ದೀಪ. ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಎಂಐಟಿಯಲ್ಲಿ ಬೆಳೆಸಿದ ಫ್ಲ್ಯಾಶ್ ವಿಧಾನ ಇದೇ ಜಾಡಿನದು. ಇಷ್ಟು ಸರಳವಾದ ಜೋಡಣೆ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನೋಡುವಾಗ ನನಗೆ ಇಂದಿಗೂ ಬೆರಗು.

ಸೆಲ್ಲಿನಿಂದ 300 ವೋಲ್ಟಿಗೆ ಏರಿಸುವುದು ಒಂದು ಟ್ರಾನ್ಸಿಸ್ಟರ್ ಮತ್ತು ಬೆರಳ ತುದಿಯಷ್ಟು ಫೆರೈಟ್ ಟ್ರಾನ್ಸ್‌ಫಾರ್ಮರ್. ಫ್ಲ್ಯಾಶ್ ಹಾಕಿದಾಗ ಕೇಳುವ, ಸಣ್ಣದಾಗಿ ಶುರುವಾಗಿ ಕೀಚಲಾಗುತ್ತ ಹೋಗುವ ಸದ್ದು ಅದರದ್ದೇ.

ಅರ್ಧ, ಮತ್ತು ವರ್ಗ

ಈಗ ಪ್ರಕರಣದ ತಿರುಳಿಗೆ ಬರೋಣ. ಕೆಪಾಸಿಟರಿನಲ್ಲಿರುವ ಶಕ್ತಿಯ ಸೂತ್ರ ಎಲ್ಲರಿಗೂ ಗೊತ್ತು:

E = ½ C V²

ಇಲ್ಲಿ C ಎಂದರೆ ಧಾರಕತೆ, ಅಂದರೆ ಪ್ರತಿ ವೋಲ್ಟಿಗೆ ಕೆಪಾಸಿಟರ್ ಹಿಡಿದಿಡುವ ಆವೇಶ. V ಎಂದರೆ ವೋಲ್ಟೇಜ್. ಬಾಯಿಪಾಠ ಮಾಡಿದವರಿಗೂ ಇದರಲ್ಲಿನ ಅರ್ಧ ಎಲ್ಲಿಂದ ಬಂತು, ವರ್ಗ ಎಲ್ಲಿಂದ ಬಂತು ಎಂಬುದು ಮನಸ್ಸಿನಲ್ಲಿ ನಿಂತಿರುವುದಿಲ್ಲ. ಎತ್ತರದ, ಮೇಲಿಂದ ಕೆಳಗೆ ಒಂದೇ ಅಗಲವಿರುವ ಒಂದು ತೊಟ್ಟಿಯನ್ನು ಅದರ ಬುಡದಿಂದ ನೀರು ಒತ್ತಿ ತುಂಬಿಸುತ್ತಿದ್ದೀರಿ ಎಂದುಕೊಳ್ಳಿ. ಮೊದಲ ತಂಬಿಗೆ ನೀರಿಗೆ ಏನೂ ಶ್ರಮವಿಲ್ಲ, ಒಳಗೆ ಎದುರು ಒತ್ತಡವೇ ಇಲ್ಲ. ಮಟ್ಟ ಏರಿದಂತೆಲ್ಲ ಪ್ರತಿ ತಂಬಿಗೆಯನ್ನೂ ಹೆಚ್ಚು ಒತ್ತಡಕ್ಕೆ ಎದುರಾಗಿ ನೂಕಬೇಕು. ಕೊನೆಯ ತಂಬಿಗೆಗೆ ಪೂರ್ತಿ ಎತ್ತರದ ಶ್ರಮ. ಒಟ್ಟು ಶ್ರಮ ಲೆಕ್ಕ ಹಾಕಿದರೆ, ಎಲ್ಲ ನೀರನ್ನೂ ಅರ್ಧ ಎತ್ತರಕ್ಕೆ ಏರಿಸಿದಷ್ಟು. ಅರ್ಧ ಬಂದದ್ದು ಅಲ್ಲಿಂದ. ಕೆಪಾಸಿಟರಿನಲ್ಲಿ ನೀರಿನ ಜಾಗದಲ್ಲಿ ಆವೇಶ, ಎತ್ತರದ ಜಾಗದಲ್ಲಿ ವೋಲ್ಟೇಜ್.

ವರ್ಗವೂ ಅದೇ ತೊಟ್ಟಿಯಲ್ಲಿದೆ. ಮಟ್ಟವನ್ನು ಎರಡರಷ್ಟು ಏರಿಸಿದರೆ ನೀರೂ ಎರಡರಷ್ಟು, ಸರಾಸರಿ ಎತ್ತರವೂ ಎರಡರಷ್ಟು, ಎರಡೆರಡಲ ನಾಲ್ಕು. ಅದೇ ಲೆಕ್ಕವನ್ನು ಕೆಳಗಿಳಿಸಿ ನೋಡಿ. ಮಟ್ಟ ಹತ್ತರಲ್ಲಿ ಏಳು ಭಾಗ ಇದ್ದರೆ ನೀರು ಏಳು ಭಾಗ, ಆದರೆ ಶಕ್ತಿ ಏಳೇಳಲ ನಲವತ್ತೊಂಬತ್ತು, ಅಂದರೆ ನೂರರಲ್ಲಿ 49 ಭಾಗ. ವೋಲ್ಟೇಜ್ ಮೂವತ್ತು ಭಾಗ ಕಡಿಮೆಯಾಯಿತು ಅಷ್ಟೇ, ಶಕ್ತಿ ಅರ್ಧಕ್ಕಿಳಿಯಿತು.

ನಮ್ಮ ಮಂಕು ಚಿತ್ರಗಳು ಸುಮಾರು ಒಂದು ಸ್ಟಾಪ್ ಕಡಿಮೆ. ಹಾಗಾದರೆ ದೀಪ ಹತ್ತುವಾಗ ಕೆಪಾಸಿಟರ್ ಸುಮಾರು 210 ವೋಲ್ಟಿನಲ್ಲಿರಬೇಕು. ಮೀಟರ್ ಇಡುವ ಮೊದಲೇ ನಾನು ಈ ಅಂಕಿಯನ್ನು ಕಾಗದದ ಮೇಲೆ ಬರೆದು ವಿದ್ಯಾರ್ಥಿನಿಯ ಕೈಗೆ ಕೊಟ್ಟೆ.

ಅಳತೆ

1,000 ವೋಲ್ಟ್ ತಾಳುವ ಮೀಟರಿನ ಕಡ್ಡಿಗಳನ್ನು ಕೆಪಾಸಿಟರ್ ಖಾಲಿ ಇರುವಾಗಲೇ ಕ್ಲಿಪ್ ಹಾಕಿ ಕೂರಿಸಿದೆವು, ಆಮೇಲೆ ಯಾರೂ ಕೈ ಇಡುವಂತಿಲ್ಲ. ಹೊಸ ಸೆಲ್ ಹಾಕಿ, ಫ್ಲ್ಯಾಶ್ ಚಾಲೂ ಮಾಡಿ, ಮೀಟರ್ ಮತ್ತು ದೀಪ ಎರಡೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ತೆಗೆದೆವು. 4ನೇ ಸೆಕೆಂಡಿಗೆ ದೀಪ ಹತ್ತಿತು. ಆಗ ಮೀಟರ್ ತೋರಿಸಿದ್ದು 210. 270 ಮುಟ್ಟಿದ್ದು 8ನೇ ಸೆಕೆಂಡಿಗೆ, 300 ಮುಟ್ಟಿ ನಿಂತದ್ದು 13ನೇ ಸೆಕೆಂಡಿಗೆ. ಕಾಗದ ಬಿಡಿಸಿ ನೋಡಿದ ಅವಳ ಮುಖ ಅರಳಿತು.

ಜೂಲ್‌ಗಳಿಗೆ ತಿರುಗಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. 210 ವೋಲ್ಟಿನಲ್ಲಿ 6.6 ಜೂಲ್, 270ರಲ್ಲಿ 10.9, 300ರಲ್ಲಿ 13.5. ಮೊದಲ 210 ವೋಲ್ಟ್ ಏರಲು ಬೇಕಾದಷ್ಟೇ ಶಕ್ತಿ ಕೊನೆಯ 90 ವೋಲ್ಟಿಗೂ ಬೇಕು. ಅಷ್ಟೇ ಅಲ್ಲ, ಮೇಲೇರಿದಂತೆ ತುಂಬುವ ವೇಗವೂ ಕುಗ್ಗುತ್ತದೆ: ಮೊದಲ ನಾಲ್ಕು ಸೆಕೆಂಡಿನಲ್ಲಿ ಸೆಕೆಂಡಿಗೆ 1.6 ಜೂಲಿಗಿಂತ ಹೆಚ್ಚು ಹೋದರೆ, ಕೊನೆಯ ಐದು ಸೆಕೆಂಡಿನಲ್ಲಿ ಅರ್ಧ ಜೂಲ್ ಮಾತ್ರ. ಆ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನ ಎತ್ತುವ ಮಿತಿ ಹತ್ತಿರವಾಗಿರುತ್ತದೆ.

ಗೋಡೆಯ ಚಿತ್ರದಲ್ಲಿ ಅಂತರ ಒಂದು ಸ್ಟಾಪಿಗಿಂತ ಕೊಂಚ ಹೆಚ್ಚು ಬಂದದ್ದಕ್ಕೂ ವಿವರಣೆಯಿದೆ. ಕೊಳವೆ ಕೆಪಾಸಿಟರನ್ನು ಸೊನ್ನೆಗೆ ಇಳಿಸುವುದಿಲ್ಲ. ಸುಮಾರು 50 ವೋಲ್ಟಿಗೆ ಬಂದಾಗ ಅನಿಲ ಮತ್ತೆ ಮುಚ್ಚಿಕೊಳ್ಳುತ್ತದೆ. ಆ 50 ವೋಲ್ಟಿನಲ್ಲಿ ಉಳಿದುಹೋಗುವ ಶಕ್ತಿ ಹೆಚ್ಚುಕಡಿಮೆ 0.4 ಜೂಲ್, ಎರಡೂ ಸಲ ಅಷ್ಟೇ. ಹಾಗಾಗಿ ನಿಜವಾಗಿ ಕೊಳವೆಗೆ ಹೋದದ್ದು 6.2 ಮತ್ತು 13.1 ಜೂಲ್, ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅದರ ಮೇಲೆ ಕಡಿಮೆ ಪ್ರವಾಹದಲ್ಲಿ ಕ್ಸೆನಾನ್ ವಿದ್ಯುತ್ತನ್ನು ಬೆಳಕಾಗಿಸುವುದರಲ್ಲೂ ಸ್ವಲ್ಪ ಹಿಂದೆ ಬೀಳುತ್ತದೆ.

ಕೆಪಾಸಿಟರ್ ತಪ್ಪಿತಸ್ಥನೇ?

ಹಳೆಯ ಫ್ಲ್ಯಾಶ್ ಎಂದ ಕೂಡಲೇ ಅನುಭವಸ್ಥರು ಕೆಪಾಸಿಟರನ್ನು ಅನುಮಾನಿಸುತ್ತಾರೆ. ಅನುಮಾನ ಸರಿಯೇ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಆಕ್ಸೈಡ್ ಪದರ ಅಲ್ಲಲ್ಲಿ ದುರ್ಬಲವಾಗಿ ಆವೇಶ ಸೋರುತ್ತದೆ. ದ್ರಾವಣ ಒಣಗಿದ್ದರೆ ಧಾರಕತೆಯೇ ಇಳಿದುಹೋಗಿರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು.

ಸೋರಿಕೆ ನೋಡಲು 300 ವೋಲ್ಟಿಗೆ ತುಂಬಿಸಿ ಫ್ಲ್ಯಾಶ್ ಆರಿಸಿ ಕಾದೆವು. ಒಂದು ನಿಮಿಷದಲ್ಲಿ 270ಕ್ಕೆ ಇಳಿಯಿತು. ಕೇಳಲು ಹೆಚ್ಚೆನಿಸುತ್ತದೆ, ಆದರೆ ಹತ್ತಿದ ದೀಪ ಸುಮಾರು 0.1 ಮಿಲಿಆಂಪಿಯರ್ ಎಳೆಯುತ್ತಿರುತ್ತದೆ, ಮೀಟರೂ ತನ್ನ ಪಾಲು ಎಳೆಯುತ್ತದೆ. ಇವೆರಡಕ್ಕೇ 26 ವೋಲ್ಟಿನಷ್ಟು ಇಳಿತ ಸಲ್ಲುತ್ತದೆ. ಉಳಿದ ಸೋರಿಕೆ ಅತ್ಯಲ್ಪ. ನಿಜವಾಗಿ ಸೋರುವ ಕೆಪಾಸಿಟರಾಗಿದ್ದರೆ ಅದು ಎಷ್ಟು ಕಾದರೂ 300 ಮುಟ್ಟುತ್ತಲೇ ಇರಲಿಲ್ಲ. ಸೋರಿಕೆಯ ವೇಗ ತುಂಬುವ ವೇಗಕ್ಕೆ ಸಮನಾದಲ್ಲಿ ನಿಂತುಬಿಡುತ್ತಿತ್ತು. ಆಗ ಒಂದು ನಿಮಿಷ ಕಾದರೂ ಗೋಡೆ ಬೆಳಗುತ್ತಿರಲಿಲ್ಲ.

ಧಾರಕತೆ ಅಳೆಯಲು ವಿಶೇಷ ಉಪಕರಣ ಬೇಡ. 100 ಕಿಲೋಓಮಿನ, 2 ವಾಟಿನ ರೋಧಕದ ಮೂಲಕ ಖಾಲಿ ಮಾಡುತ್ತ ಕೈಗಡಿಯಾರ ನೋಡಿದರೆ ಸಾಕು. ರೋಧ ಮತ್ತು ಧಾರಕತೆಯ ಗುಣಲಬ್ಧದಷ್ಟು ಸೆಕೆಂಡಿನಲ್ಲಿ ವೋಲ್ಟೇಜ್ ನೂರರಲ್ಲಿ 37 ಭಾಗಕ್ಕೆ ಇಳಿಯಬೇಕು. ನಮ್ಮ ಲೆಕ್ಕದಲ್ಲಿ 300 ಮೈಕ್ರೋಫ್ಯಾರಡ್ ಇದ್ದರೆ 30 ಸೆಕೆಂಡಿನಲ್ಲಿ 300ರಿಂದ 110ಕ್ಕೆ. ಹಿಡಿದದ್ದು 29 ಸೆಕೆಂಡು. ದೀಪ ಮತ್ತು ಮೀಟರು ಪಕ್ಕದಿಂದ ಎಳೆದದ್ದನ್ನು ಸೇರಿಸಿದರೆ ಕೆಪಾಸಿಟರ್ ತನ್ನ ಮೈಮೇಲೆ ಬರೆದ ಮಾತಿಗೆ ತಪ್ಪಿಲ್ಲ.

ಹಾಗಾದರೆ ತಪ್ಪು ದೀಪದ್ದು. ಅಥವಾ ದೀಪಕ್ಕೆ ಸುಳ್ಳು ಹೇಳಿದವರದ್ದು.

ಒಂದು ಮೆಗಾಓಮ್

ಕಿತ್ತಳೆ ದೀಪ ಒಂದು ಪುಟ್ಟ ನಿಯಾನ್ ಬಲ್ಬು. ನಿಯಾನಿನ ಗುಣವೂ ಕ್ಸೆನಾನಿನಂತೆಯೇ: ಒಂದು ಮಿತಿಯವರೆಗೆ ಕತ್ತಲು, ಮಿತಿ ದಾಟಿದರೆ ಹತ್ತುತ್ತದೆ. ಈ ಬಲ್ಬಿನ ಮಿತಿ 80 ವೋಲ್ಟ್. ಅದನ್ನು ನೇರವಾಗಿ ಕೆಪಾಸಿಟರಿಗೆ ಕಟ್ಟಿದರೆ 80ಕ್ಕೇ ಹತ್ತಿಬಿಡುತ್ತದೆ. ಆದ್ದರಿಂದ ಎರಡು ರೋಧಕಗಳನ್ನು ಸಾಲಾಗಿ ಇಟ್ಟು ವೋಲ್ಟೇಜನ್ನು ಪಾಲು ಮಾಡಿ, ಕೆಳಗಿನ ರೋಧಕದ ಪಾಲನ್ನು ಬಲ್ಬಿಗೆ ಕೊಡುತ್ತಾರೆ. ಇಲ್ಲಿ ಮೇಲಿನದು 2.4 ಮೆಗಾಓಮ್, ಕೆಳಗಿನದು 1 ಮೆಗಾಓಮ್. ಬಲ್ಬಿಗೆ ಸಿಗುವ ಪಾಲು 3.4ರಲ್ಲಿ 1. ಪಾಲು 80 ವೋಲ್ಟ್ ಆಗಬೇಕಾದರೆ ಕೆಪಾಸಿಟರ್ 272 ವೋಲ್ಟಿಗೆ ಏರಿರಬೇಕು. ವಿನ್ಯಾಸ ಮಾಡಿದವರ ಲೆಕ್ಕ ಅದೇ: ಆ ಹೊತ್ತಿಗೆ ಶಕ್ತಿ ನೂರರಲ್ಲಿ 82 ಭಾಗ ತುಂಬಿರುತ್ತದೆ, ಕೊರತೆ ಸ್ಟಾಪಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ನೆಗೆಟಿವ್ ಅದನ್ನು ನುಂಗಿಕೊಳ್ಳುತ್ತದೆ. ದೀಪ ಹತ್ತಿತೆಂದರೆ ಪೂರ್ತಿ ತುಂಬಿತು ಎಂದು ಅರ್ಥವಲ್ಲ, ಕೆಲಸಕ್ಕೆ ಸಾಕಾಯಿತು ಎಂದು ಅರ್ಥ.

ಕೆಪಾಸಿಟರನ್ನು ಎರಡು ಸಲ ಖಾಲಿ ಮಾಡಿ, ಎರಡೂ ರೋಧಕಗಳ ಒಂದೊಂದು ಕಾಲು ಬಿಡಿಸಿ ಅಳೆದೆವು. ಬಿಡಿಸದೆ ಅಳೆದರೆ ಪಕ್ಕದ ದಾರಿಗಳು ಸೇರಿಕೊಂಡು ಅಂಕಿ ಕೆಡುತ್ತದೆ. ಮೇಲಿನದು 2.4 ಮೆಗಾಓಮ್, ಬಣ್ಣದ ಪಟ್ಟಿಗಳು ಹೇಳಿದಂತೆಯೇ. ಕೆಳಗಿನದರ ಪಟ್ಟಿಗಳು 1 ಮೆಗಾಓಮ್ ಎನ್ನುತ್ತಿದ್ದವು, ಮೀಟರ್ 1.48 ಎಂದಿತು. ಹಳೆಯ ಕಾರ್ಬನ್ ರೋಧಕಗಳಿಗೆ, ಅದರಲ್ಲೂ ಹೆಚ್ಚು ಓಮಿನವಕ್ಕೆ, ವರ್ಷಗಳ ತೇವ ಮತ್ತು ಬಿಸಿಯಲ್ಲಿ ರೋಧ ಏರುತ್ತ ಹೋಗುವ ಕಾಯಿಲೆ ಇದೆ. ಕೆಳಗಿನ ರೋಧ ಏರಿದ್ದರಿಂದ ಬಲ್ಬಿನ ಪಾಲು ದೊಡ್ಡದಾಯಿತು: 3.88ರಲ್ಲಿ 1.48. ಈಗ 80 ವೋಲ್ಟ್ ಪಾಲು ಸಿಗಲು ಕೆಪಾಸಿಟರ್ 210ಕ್ಕೆ ಏರಿದರೆ ಸಾಕು. ಮೀಟರಿನಲ್ಲಿ ಕಂಡ ಅಂಕಿಯೇ.

ಮೊದಲ ಚಿತ್ರ ಯಾಕೆ ಚೆನ್ನಾಗಿ ಬಂತು ಎಂಬುದೂ ಈಗ ತಿಳಿಯಿತು. ಚೌಕಟ್ಟು ಸರಿಪಡಿಸುತ್ತ, ಗೆಳತಿಗೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತ ಅವಳು ನಿಮಿಷಗಟ್ಟಲೆ ಫ್ಲ್ಯಾಶನ್ನು ಚಾಲೂ ಇಟ್ಟಿದ್ದಳು. ಕೆಪಾಸಿಟರ್ 300 ಮುಟ್ಟಿ ಕಾಯುತ್ತಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ಅವಳು ದೀಪದ ಮಾತು ನಂಬಿದಳು.

ಹೊಸ 1 ಮೆಗಾಓಮಿನ ಮೆಟಲ್ ಫಿಲ್ಮ್ ರೋಧಕ ಬೆಸುಗೆ ಹಾಕಿದೆವು. ದೀಪ ಈಗ 272 ವೋಲ್ಟಿಗೆ, 8ನೇ ಸೆಕೆಂಡು ದಾಟಿದ ಮೇಲೆ ಹತ್ತುತ್ತದೆ. ಗೋಡೆಯ ಪರೀಕ್ಷೆಯಲ್ಲಿ ದೀಪ ಹತ್ತಿದ ಕೂಡಲೇ ತೆಗೆದದ್ದಕ್ಕೂ ನಿಮಿಷ ಕಾದು ತೆಗೆದದ್ದಕ್ಕೂ ವ್ಯತ್ಯಾಸ ಪಕ್ಕಪಕ್ಕ ಇಟ್ಟು ದಿಟ್ಟಿಸಿದರೆ ಮಾತ್ರ ಗೊತ್ತಾಗುವಷ್ಟು.

"ಸರ್, ರಿಪೇರಿ ಆದ ಮೇಲೆ ಕಾಯುವುದು ಎರಡರಷ್ಟಾಯಿತಲ್ಲ," ಅಂದಳು. ಆ ಎಂಟು ಸೆಕೆಂಡು ಮೊದಲೂ ಬೇಕೇ ಆಗಿತ್ತು, ದೀಪ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ. ಸೆಲ್ಲಿನ ಕಡೆಯಿಂದ ಅದನ್ನು ಕಡಿಮೆ ಮಾಡುವ ದಾರಿ ಒಂದಿದೆ: ಒಳರೋಧ ಇನ್ನೂ ಕಡಿಮೆಯಿರುವ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಹಾಕುವುದು. ಅವುಗಳ ವೋಲ್ಟೇಜ್ 1.2 ಆದರೂ ಹೆಚ್ಚು ಪ್ರವಾಹ ಎಳೆಯುವಾಗ ಆಲ್ಕಲೈನಿನಷ್ಟು ಕುಸಿಯುವುದಿಲ್ಲ. ಕ್ಯಾಮೆರಾದ ಕಡೆಯಿಂದ ಇನ್ನೊಂದು ದಾರಿಯಿದೆ. ಜಿಗಿತ ತಪ್ಪಿಹೋಗುತ್ತದೆ ಎನಿಸಿದರೆ 4ನೇ ಸೆಕೆಂಡಿಗೇ ಒತ್ತಬಹುದು, ಆದರೆ ಅಪರ್ಚರನ್ನು 8ರಿಂದ 5.6ಕ್ಕೆ ತೆರೆದುಕೊಳ್ಳಬೇಕು. ಕೆಪಾಸಿಟರಿನಲ್ಲಿ ಆಗ ಅರ್ಧ ಶಕ್ತಿಯಿದೆ ಎಂದು ಈಗ ಗೊತ್ತಿದೆಯಲ್ಲ.

ಮುಂದಿನ ರೋಲಿನಲ್ಲಿ ಅವಳು ಎರಡೂ ಬಗೆಯಲ್ಲಿ ತೆಗೆದಳು, ಬಾಯಲ್ಲಿ ಸೆಕೆಂಡು ಎಣಿಸುತ್ತ. ಹನ್ನೆರಡು ಜಿಗಿತಗಳ ನೆಗೆಟಿವ್ ಪಟ್ಟಿಯನ್ನು ಬೆಳಕಿಗೆ ಹಿಡಿದಾಗ ಯಾವುದು ನಾಲ್ಕನೇ ಸೆಕೆಂಡಿನದು, ಯಾವುದು ಎಂಟನೆಯದು ಎಂದು ನನಗೆ ಹೇಳಲಾಗಲಿಲ್ಲ. ಅವಳು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದನ್ನು ಓದಿ ಹೇಳಬೇಕಾಯಿತು.